ಅಳಿಸಿಹೋದ ನೋಟೀಸು, ಅಡ್ಮಿನ್‌ಗೆ ಬರೆದ ಎರಡು ಸಂದೇಶ: ಚಳ್ಳಕೆರೆ ತಾಲ್ಲೂಕಿನ ಒಂದು ಪ್ರಕರಣ

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ವಾರದೊಳಗೆ ನಡೆದು ಮುಗಿದ ಪ್ರಕರಣ ಇದು. ಗುಂಪಿನಲ್ಲಿ ಊರಿನ ರೈತರು, ಊರು ಬಿಟ್ಟು ಬೇರೆಡೆ ಕೆಲಸ ಮಾಡುವ ಅವರ ಮಕ್ಕಳು, ಒಂದಿಬ್ಬರು ಗೊಬ್ಬರದಂಗಡಿಯವರು ಇದ್ದಾರೆ. ಗುಂಪನ್ನು ಕಟ್ಟಿ ನಡೆಸುತ್ತಿರುವವರು ಊರಿನ ನಿವೃತ್ತ ಶಿಕ್ಷಕರು. ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಗುಂಪಿನಲ್ಲಿ ಬಂದು ಅಳಿಸಿಹೋದ ನೋಟೀಸೊಂದನ್ನು ಮತ್ತೆ ಹಾಕಬೇಕೆಂದು ಕೇಳಿದವಳು ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವ ಯುವತಿ. ಅವಳ ತಂದೆಗೆ ಊರಿನಲ್ಲಿ ಮಳೆಯಾಶ್ರಿತ ಶೇಂಗಾ ಹೊಲವಿದೆ. ಅವರ ಬಳಿ ಇರುವುದು ಬಟನ್ ಫೋನು, ಆದ್ದರಿಂದ ಅವರ ಪರವಾಗಿ ಗುಂಪಿನಲ್ಲಿ ಇರುವುದು ಮಗಳೇ. ರೈತ ಉತ್ಪಾದಕ ಸಂಸ್ಥೆಯೊಂದರಲ್ಲಿ ಅರ್ಜಿ ಬರೆದುಕೊಡುವ ಕೆಲಸ ಮಾಡುವ ನನ್ನ ಬಳಿಗೆ ಅವಳು ಕೊನೆಗೆ ದಾಖಲೆಗಳ ಸಮೇತ ಬಂದಳು. ಮೇಷ್ಟ್ರೂ ಅವಳೂ ತಮ್ಮ ನಡುವಿನ ಸಂದೇಶಗಳನ್ನು ತೋರಿಸಿ, ಹೆಸರು ಹೇಳದೆ ಬರೆಯಲು ಒಪ್ಪಿದ್ದಾರೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನೋಟೀಸು ಬೆಳೆ ವಿಮೆಗೆ ಸಂಬಂಧಿಸಿದ್ದು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತನು ಯಾವ ಸರ್ವೆ ನಂಬರಿಗೆ ಯಾವ ಬೆಳೆಯ ವಿಮೆ ಮಾಡಿಸಿದ್ದಾನೆ ಎಂಬುದನ್ನು ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆಯ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಎರಡೂ ಹೊಂದದಿದ್ದರೆ ಆ ಅರ್ಜಿ ತಿರಸ್ಕಾರದ ಪಟ್ಟಿಗೆ ಸೇರುತ್ತದೆ. ಪಟ್ಟಿಯನ್ನು ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರ ಮುಂತಾದ ಕಡೆ ಪ್ರಕಟಿಸಿ ಆಕ್ಷೇಪಣೆಗೆ ಅವಧಿ ಕೊಡುತ್ತಾರೆ. ವಿಮೆ ಮಾಡಿಸಿದ ಬೆಳೆ ಪಹಣಿಯಲ್ಲಿ ನಮೂದಾಗಿದ್ದರೆ ಆ ಪಹಣಿಯನ್ನು, ಬೆಂಬಲ ಬೆಲೆಗೆ ಮಾರಿದ್ದರೆ ಅದರ ದಾಖಲೆಯನ್ನು, ಎಪಿಎಂಸಿಯಲ್ಲಿ ಮಾರಿದ್ದರೆ ಅಲ್ಲಿನ ರಶೀದಿಯನ್ನು ಆಕ್ಷೇಪಣೆಯ ಜೊತೆ ಕೊಡಬೇಕಾಗುತ್ತದೆ.

ಈ ತಂದೆಯ ಹೊಲದಲ್ಲಿ ಶೇಂಗಾದ ನಡುವೆ ಅಕ್ಕಡಿ ಸಾಲಾಗಿ ತೊಗರಿ ಹಾಕಿದ್ದರು. ಸಮೀಕ್ಷೆಯ ಫೋಟೋ ತೆಗೆದ ದಿನ ಎತ್ತರಕ್ಕೆ ಬೆಳೆದು ಕಾಣುತ್ತಿದ್ದುದು ತೊಗರಿ. ಹೀಗಾಗಿ ವಿಮೆಯಲ್ಲಿ ಶೇಂಗಾ, ಸಮೀಕ್ಷೆಯಲ್ಲಿ ತೊಗರಿ ಎಂದಾಯಿತು. ಸಮೀಕ್ಷೆಯ ಬೆಳೆಯೇ ಪಹಣಿಗೂ ಹೋಗಿದ್ದರಿಂದ ಪಹಣಿಯಿಂದ ಅವರಿಗೆ ಪ್ರಯೋಜನವಿರಲಿಲ್ಲ. ಅವರಿಗೆ ಉಳಿದ ಆಧಾರವೆಂದರೆ ಚಳ್ಳಕೆರೆ ಎಪಿಎಂಸಿಯಲ್ಲಿ ಶೇಂಗಾ ಮಾರಿದ ರಶೀದಿ. ಅದು ಮನೆಯ ಟ್ರಂಕಿನಲ್ಲಿ ಭದ್ರವಾಗಿತ್ತು. ಆದರೆ ಅದು ಕೆಲಸಕ್ಕೆ ಬರುತ್ತದೆ ಎಂಬುದಾಗಲಿ, ಎಂದಿನೊಳಗೆ ಕೊಡಬೇಕು ಎಂಬುದಾಗಲಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವೆರಡೂ ಇದ್ದುದು ನೋಟೀಸಿನ ಮೊದಲ ಪುಟದಲ್ಲಿ.

ಫೋಟೋ ಬಂತು, ಹೋಯಿತು

ತಿಂಗಳ 18ನೇ ತಾರೀಖು, ಸೋಮವಾರ ಬೆಳಿಗ್ಗೆ ಊರಿನ ವಾಟರ್‌ಮನ್ ಪಂಚಾಯಿತಿಯ ಸೂಚನಾ ಫಲಕದ ಮುಂದೆ ನಿಂತು ಮೂರು ಫೋಟೋ ತೆಗೆದು ಗುಂಪಿಗೆ ಹಾಕಿದ. ಮೊದಲನೆಯದು ಸೂಚನೆಯ ಪುಟ. ಉಳಿದೆರಡು ರೈತರ ಪಟ್ಟಿ: ಹೆಸರು, ಸರ್ವೆ ನಂಬರು, ವಿಮೆಯ ಬೆಳೆ, ಸಮೀಕ್ಷೆಯ ಬೆಳೆ, ಕೊನೆಯ ಕಾಲಂನಲ್ಲಿ ಮೊಬೈಲ್ ನಂಬರು. ಮಂಗಳವಾರ ಸಂಜೆ ಪಟ್ಟಿಯಲ್ಲಿದ್ದ ಒಬ್ಬ ಮಹಿಳೆಗೆ, ವಿಮೆ ಹಣ ಜಮಾ ಆಗಬೇಕಾದರೆ ಒಟಿಪಿ ಹೇಳಿ ಎಂಬ ಕರೆ ಬಂತು. ಕರೆ ಮಾಡಿದವನಿಗೆ ನಂಬರು ಈ ಪಟ್ಟಿಯಿಂದಲೇ ಸಿಕ್ಕಿತೆಂದು ಹೇಳಲು ಆಧಾರವಿಲ್ಲ. ಅಂಥ ಕರೆಗಳು ಪಟ್ಟಿಯಲ್ಲಿ ಇಲ್ಲದವರಿಗೂ ಬರುತ್ತವೆ. ಆ ತಾಯಿ ಒಟಿಪಿ ಹೇಳಲಿಲ್ಲ, ಹಣ ಹೋಗಲಿಲ್ಲ. ಆದರೆ ಅವರ ಮಗ ಗಾಬರಿಯಿಂದ ಗುಂಪಿನಲ್ಲಿ ಬರೆದ: ಈ ಫೋಟೋಗಳನ್ನು ಈಗಲೇ ತೆಗೆಯಿರಿ. ಮೇಷ್ಟ್ರು ತಡಮಾಡದೆ ಮೂರನ್ನೂ ಎಲ್ಲರಿಗೂ ಅಳಿಯುವಂತೆ ಅಳಿಸಿದರು. ಗುಂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನು ಹೀಗೆ ಅಳಿಸುವ ಸೌಲಭ್ಯ 2022ರಿಂದ ವಾಟ್ಸ್‌ಆ್ಯಪ್‌ನಲ್ಲಿದೆ. ಚಿತ್ರಗಳಿದ್ದ ಜಾಗದಲ್ಲಿ, ಅಡ್ಮಿನ್ ಅಳಿಸಿದ್ದಾರೆ ಎಂದು ಅವರ ಹೆಸರಿನ ಸಮೇತ ಮೂರು ಸಾಲುಗಳು ಉಳಿದವು. ಏಕೆ ಅಳಿಸಿದ್ದು ಎಂಬ ಕಾರಣ ಎಲ್ಲಿಯೂ ಉಳಿಯಲಿಲ್ಲ.

ಮೇಷ್ಟ್ರು ಅಳಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮೊಬೈಲ್ ನಂಬರುಗಳ ಪಟ್ಟಿ ನೂರಾರು ಜನರ ಕೈಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದರೆ ತಡೆಯಲೇಬೇಕು. ಆದರೆ ಮೊದಲ ಪುಟದಲ್ಲಿ ಯಾರ ನಂಬರೂ ಇರಲಿಲ್ಲ. ಆತುರದಲ್ಲಿ ಅದೂ ಪಟ್ಟಿಯೊಂದಿಗೆ ಹೋಯಿತು. ಮುಂದಿನ ತೊಡಕೆಲ್ಲ ಹುಟ್ಟಿದ್ದು ಇಲ್ಲಿ.

ಯುವತಿ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದಳು. ಬುಧವಾರ ರಾತ್ರಿ, ಪಕ್ಕದ ಹೊಲದವರು ಅವಳ ತಂದೆಯ ಹೆಸರು ಪಟ್ಟಿಯಲ್ಲಿತ್ತೆಂದು ಹೇಳಿದ ಮೇಲೆ, ಗುಂಪು ತೆರೆದಳು. ಅವಳ ಫೋನಿನಲ್ಲಿ ಚಿತ್ರಗಳು ತಾವಾಗಿ ಡೌನ್‌ಲೋಡ್ ಆಗದಂತೆ ಸೆಟ್ಟಿಂಗ್ ಇದ್ದುದರಿಂದ ಗ್ಯಾಲರಿಯಲ್ಲೂ ಏನೂ ಇರಲಿಲ್ಲ. ಡೌನ್‌ಲೋಡ್ ಮಾಡಿಕೊಂಡಿದ್ದ ಕೆಲವರನ್ನು ವಿಚಾರಿಸಿದಳು. ಎಲ್ಲರಿಗೂ ಅಳಿಸಿದಾಗ ಅವರ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಫೋಲ್ಡರಿನಿಂದಲೂ ಚಿತ್ರ ಹೋಗಿತ್ತು. ಅಳಿಸುವ ಮೊದಲೇ ಬೇರೆ ಚಾಟ್‌ಗೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಪ್ರತ್ಯೇಕ ಸಂದೇಶವಾಗಿ ಉಳಿಯುತ್ತದೆ, ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದೂ ಉಳಿಯುತ್ತದೆ. ಅವಳ ಚಿಕ್ಕಪ್ಪನ ಮಗನ ಬಳಿ ಮೊದಲ ಪುಟದ ಒಂದು ಸ್ಕ್ರೀನ್‌ಶಾಟ್ ಇತ್ತು. ಅದು ಚಿತ್ರವನ್ನು ಪೂರ್ತಿ ತೆರೆಯದೆ ಚಾಟ್‌ನಲ್ಲಿ ಸಣ್ಣದಾಗಿ ಕಾಣುವಾಗಲೇ ತೆಗೆದದ್ದು, ಆದ್ದರಿಂದ ದೊಡ್ಡದು ಮಾಡಿದರೆ ಅಕ್ಷರಗಳು ಕಲಸಿಹೋಗುತ್ತಿದ್ದವು.

ಆ ಸ್ಕ್ರೀನ್‌ಶಾಟ್‌ನಲ್ಲಿ ಮುದ್ರಿತ ಸಾಲುಗಳ ಪೈಕಿ ಒಂದನ್ನು ಕಷ್ಟಪಟ್ಟು ಓದಬಹುದಿತ್ತು: ಪ್ರಕಟಣೆಯ ದಿನಾಂಕದಿಂದ 15 ದಿನಗಳೊಳಗೆ. ಪ್ರಕಟಣೆಯ ದಿನಾಂಕ ಮಾತ್ರ ಮುದ್ರಿತವಾಗಿರಲಿಲ್ಲ. ಪ್ರತಿ ಪಂಚಾಯಿತಿಯಲ್ಲಿ ಪಟ್ಟಿ ಹಚ್ಚಿದ ದಿನ ಬೇರೆಯಾದ್ದರಿಂದ ಕೆಳಗಡೆ ಮೊಹರಿನ ಪಕ್ಕ ಖಾಲಿ ಬಿಟ್ಟು, ಅಲ್ಲಿ ಪೆನ್ನಿನಲ್ಲಿ ಅಂಕಿ ತುಂಬಿದ್ದರು. ಮೊಹರಿನ ನೀಲಿ ಶಾಯಿ ಅಂಕಿಯ ಅಂಚಿಗೆ ತಾಗಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಅದು 3 ಎಂದೂ ಕಾಣುತ್ತಿತ್ತು, 8 ಎಂದೂ ಕಾಣುತ್ತಿತ್ತು. 3 ಆಗಿದ್ದರೆ ಅವಧಿ ಫೋಟೋ ಹಾಕಿದ ಸೋಮವಾರವೇ, ಅಂದರೆ 18ಕ್ಕೇ ಮುಗಿದಿತ್ತು. 8 ಆಗಿದ್ದರೆ 23ರ ಶನಿವಾರದವರೆಗೆ ಇತ್ತು. ಗುಂಪಿನಲ್ಲಿ ಇಬ್ಬರು ಆಗಲೇ ಅದನ್ನು 3 ಎಂದು ಓದಿ, ಅವಧಿ ಮುಗಿದಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಹೇಳಿಕೊಂಡು ತಿರುಗಿದ್ದರು.

ಮೊದಲ ಸಂದೇಶ

ಬುಧವಾರ ರಾತ್ರಿಯೇ ಅವಳು ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹೀಗೆ ಬರೆದಳು:

"ಮೇಷ್ಟ್ರೇ, ಬೆಳೆ ವಿಮೆ ನೋಟೀಸ್ ಯಾಕೆ ಡಿಲೀಟ್ ಮಾಡಿದ್ರಿ? ರೈತರಿಗೆ ಬೇಕಾದ ಮಾಹಿತಿ ಅದು. ದಯವಿಟ್ಟು ಮತ್ತೆ ಹಾಕಿ."

ಇದರಲ್ಲಿ ಒರಟು ಮಾತು ಒಂದೂ ಇಲ್ಲ. ಆದರೂ ಮೇಷ್ಟ್ರಿಂದ ಉತ್ತರ ಬರಲಿಲ್ಲ. ಒಟಿಪಿ ಕರೆ ಬಂದ ಮನೆಯ ಮಗ ಕೂಡಲೇ ಬರೆದ: "ನಿಮ್ಮ ಅಮ್ಮನ ನಂಬರ್ ಹಾಕಿದ್ರೆ ಗೊತ್ತಾಗ್ತಿತ್ತು." ಇನ್ನೊಬ್ಬರು, ಅವಧಿ ಮುಗಿದಿದೆ, ಈಗ ಹಾಕಿ ಏನು ಪ್ರಯೋಜನ ಎಂದರು. ಮತ್ತೊಬ್ಬರು ವಿಮೆ ಕಂಪನಿಗಳ ಮೇಲೆ ಹರಿಹಾಯ್ದರು. ಅರ್ಧ ಗಂಟೆಯೊಳಗೆ ಅವಳ ಸಂದೇಶ ಪರದೆಯ ಮೇಲೆ ಎಲ್ಲೋ ಹೋಗಿತ್ತು.

ಮೇಷ್ಟ್ರು ಏಕೆ ಸುಮ್ಮನಿದ್ದರೆಂದು ನಾನು ನಂತರ ಕೇಳಿದೆ. ಅವರು ಕೊಟ್ಟ ಕಾರಣಗಳು ಮೂರು, ಮೂರೂ ನ್ಯಾಯವಾದವು. "ಯಾಕೆ" ಎಂಬ ಪ್ರಶ್ನೆ ಎಲ್ಲರ ಮುಂದೆ ಬಂದಿದ್ದರಿಂದ ತಾವು ಉತ್ತರಿಸಿದರೆ ಕರೆ ಬಂದ ಮಹಿಳೆಯ ಮನೆಯ ವಿಷಯವನ್ನು ಎಲ್ಲರ ಮುಂದೆ ಎತ್ತಬೇಕಾಗುತ್ತಿತ್ತು. "ಮತ್ತೆ ಹಾಕಿ" ಎಂದರೆ ಮೂರನ್ನೂ ಹಾಕಬೇಕೆಂದು ಅವರು ತಿಳಿದರು. ಅವಳಿಗೆ ಬೇಕಿದ್ದುದು ಒಂದು ಪುಟ ಎಂದು ಸಂದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಮೂರನೆಯ ಕಾರಣ ಅವಳು ಊಹಿಸಿಯೇ ಇರಲಿಲ್ಲ: ಚಿತ್ರ ಮೇಷ್ಟ್ರ ಬಳಿಯೂ ಇರಲಿಲ್ಲ. ಅಡ್ಮಿನ್ ಅಳಿಸಿದರೆ ಅವರ ಚಾಟ್‌ನಿಂದಲೂ ಹೋಗುತ್ತದೆ. ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ ಎಂದ ಮಾತ್ರಕ್ಕೆ ಮರಳಿ ತರುವ ದಾರಿಯೂ ಅವರಿಗಿದೆ ಎಂದು ಗುಂಪಿನಲ್ಲಿ ಹೆಚ್ಚಿನವರು ನಂಬಿರುತ್ತಾರೆ. ಅಂಥ ದಾರಿ ಇಲ್ಲ. ತಮ್ಮ ಬಳಿ ಇಲ್ಲದ್ದನ್ನು ಹಾಕಿ ಎಂದು ಹತ್ತು ಜನರ ಮುಂದೆ ಕೇಳಿಸಿಕೊಂಡ ಮೇಷ್ಟ್ರಿಗೆ, ಇಲ್ಲ ಎನ್ನಲೂ ಆಗದೆ, ಹಾಕಲೂ ಆಗದೆ ಸುಮ್ಮನಿರುವುದೇ ಸುಲಭವಾಯಿತು.

ಬೇರೆ ದಾರಿಗಳು

ಗುರುವಾರ ಬೆಳಿಗ್ಗೆ ಅವಳು ಎರಡು ಕೆಲಸ ಮಾಡಿದಳು. ತಂದೆಯನ್ನು ಪಂಚಾಯಿತಿಗೆ ಕಳಿಸಿದಳು. ಫಲಕದ ಗಾಜಿನ ಬಾಗಿಲಿಗೆ ಬೀಗವಿತ್ತು. ಒಳಗೆ ಕಂದಾಯ ವಸೂಲಿಯ ಹೊಸ ಸೂಚನೆಯೊಂದನ್ನು ವಿಮೆ ನೋಟೀಸಿನ ಕೆಳಭಾಗ ಮುಚ್ಚುವಂತೆ ಹಚ್ಚಿದ್ದರು. ಮೊಹರು, ದಿನಾಂಕ ಎರಡೂ ಅದರ ಹಿಂದೆ ಸೇರಿದ್ದವು. ಬೀಗದ ಕೈ ಇದ್ದವರು ತಾಲ್ಲೂಕು ಕಚೇರಿಗೆ ಹೋಗಿದ್ದರು. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅವಳೇ ಫೋನ್ ಮಾಡಿದಳು. ಅಲ್ಲಿಯವರು ಸೌಜನ್ಯದಿಂದಲೇ ಮಾತಾಡಿ, ಯಾವ ಪಂಚಾಯಿತಿಯಲ್ಲಿ ಎಂದು ಪ್ರಕಟಿಸಿದ್ದಾರೆಂಬುದನ್ನು ಅಲ್ಲಿನ ಪ್ರತಿ ನೋಡಿಯೇ ಹೇಳಬೇಕು, ನಿಮ್ಮ ನೋಟೀಸಿನಲ್ಲಿ ಏನಿದೆ ನೋಡಿಕೊಂಡು ಬನ್ನಿ ಎಂದರು.

ಗುಂಪಿನ ಚಿತ್ರವೊಂದನ್ನೇ ನೆಚ್ಚಿಕೊಳ್ಳದೆ ಮೂಲ ನೋಟೀಸಿರುವ ಕಡೆ ವಿಚಾರಿಸಿದ್ದು ಸರಿಯಾದ ಹೆಜ್ಜೆ ಎಂದು ನನ್ನ ಅಭಿಪ್ರಾಯ. ಅದು ಫಲ ಕೊಡದಿದ್ದರೂ, ವಾಟರ್‌ಮನ್ ಸೋಮವಾರ ತೆಗೆದ ಫೋಟೋದ ಬೆಲೆ ಏನೆಂಬುದು ಅದರಿಂದ ಸ್ಪಷ್ಟವಾಯಿತು. ಕಂದಾಯದ ಸೂಚನೆ ಹಚ್ಚುವ ಮೊದಲು ತೆಗೆದ, ದಿನಾಂಕ ಕಾಣುವ ಚಿತ್ರ ಅದೊಂದೇ.

ಎರಡನೆಯ ಸಂದೇಶ

ಗುರುವಾರ ಹನ್ನೊಂದು ಗಂಟೆಯ ಸುಮಾರಿಗೆ ಅವಳು ಮೇಷ್ಟ್ರಿಗೆ ವೈಯಕ್ತಿಕವಾಗಿ ಬರೆದಳು. ಗುರುತಿನ ವಿವರ ತೆಗೆದು ಪೂರ್ತಿ ಕೊಡುತ್ತೇನೆ:

"ನಮಸ್ಕಾರ ಮೇಷ್ಟ್ರೇ. ನಾನು ಕೆರೆ ಕೆಳಗಿನ ಮನೆಯವರ ಮಗಳು, ನಿಮ್ಮ ಹತ್ತಿರ ಏಳನೇ ಕ್ಲಾಸ್ ಓದಿದವಳು. ಸೋಮವಾರ ಬೆಳಿಗ್ಗೆ ಗುಂಪಿನಲ್ಲಿ ಬೆಳೆ ವಿಮೆಯ ಮೂರು ಫೋಟೋ ಬಂದಿದ್ದವು, ಮಂಗಳವಾರ ಸಂಜೆ ನೀವು ತೆಗೆದಿರಿ. ಪಟ್ಟಿಯಲ್ಲಿ ಫೋನ್ ನಂಬರ್ ಇದ್ದದ್ದಕ್ಕೆ ತೆಗೆದಿರಿ ಅಂತ ನಿನ್ನೆ ರಾತ್ರಿ ತಿಳಿಯಿತು. ತೆಗೆದದ್ದು ಒಳ್ಳೆಯದೇ ಆಯಿತು. ನನಗೆ ಪಟ್ಟಿ ಬೇಡ. ಮೊದಲನೇ ಫೋಟೋ, ಅಂದರೆ ಕೆಳಗೆ ಮೊಹರು ಮತ್ತು ದಿನಾಂಕ ಇರುವ ಪುಟ ಮಾತ್ರ ಬೇಕು. ಅದರಲ್ಲಿ ಯಾರ ನಂಬರೂ ಇಲ್ಲ. ದಿನಾಂಕ 3 ಇದೆಯೋ 8 ಇದೆಯೋ ಗೊತ್ತಾಗುತ್ತಿಲ್ಲ. 8 ಆದರೆ ಅಪ್ಪನಿಗೆ ಇನ್ನೂ ಅವಕಾಶ ಇದೆ. ಶನಿವಾರ ನಾಲ್ಕನೇ ಶನಿವಾರ, ಆಫೀಸ್ ಇರಲ್ಲ. ಅದಕ್ಕೆ ನಾಳೆಯೇ ಕೊಡಬೇಕು, ನಾನು ಬೆಳಿಗ್ಗೆ ಬಸ್ಸಿಗೆ ಹೊರಡಬೇಕು. ಫೋಟೋ ನಿಮ್ಮ ಹತ್ತಿರ ಇಲ್ಲದಿದ್ದರೆ ತೆಗೆದವರ ಫೋನಿನ ಗ್ಯಾಲರಿಯಲ್ಲಿ ಇರಬಹುದು. ನೀವೇ ಅವರಿಗೆ ಒಂದು ಮಾತು ಹೇಳಿದರೆ ಆಗುತ್ತದೆ. ಸಿಕ್ಕರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅಂಕಿ ಸ್ಪಷ್ಟ ಬರುತ್ತದೆ. ಗುಂಪಿಗೆ ಹಾಕಬೇಕೋ ಬೇಡವೋ ನೀವು ನೋಡಿ ತೀರ್ಮಾನ ಮಾಡಿ."

ಮೇಷ್ಟ್ರ ಉತ್ತರ ಹತ್ತೇ ನಿಮಿಷದಲ್ಲಿ ಬಂತು: "ನೋಡಮ್ಮ, ನನ್ನ ಫೋನಿನಲ್ಲೂ ಇಲ್ಲ. ಅವನಿಗೆ ಹೇಳುತ್ತೇನೆ. ಪೈಪ್ ಒಡೆದ ಕಡೆ ಇದ್ದಾನೆ, ಮಧ್ಯಾಹ್ನದ ಒಳಗೆ ಕಳಿಸುತ್ತಾನೆ."

ಈ ಸಂದೇಶ ಕೆಲಸ ಮಾಡಿದ್ದು ಸೌಜನ್ಯದಿಂದ ಮಾತ್ರವಲ್ಲ. ಸೌಜನ್ಯ ಮೊದಲನೆಯದರಲ್ಲೂ ಇತ್ತು. ಇಲ್ಲಿ ಅವಳು ಅಳಿಸಿದ ಕಾರಣವನ್ನು ತಾನೇ ಹೇಳಿ ಒಪ್ಪಿಕೊಂಡಿದ್ದರಿಂದ ಮೇಷ್ಟ್ರಿಗೆ ಸಮರ್ಥಿಸಿಕೊಳ್ಳುವ ಹೊರೆ ಉಳಿಯಲಿಲ್ಲ. ಮೂರರಲ್ಲಿ ಯಾವ ಚಿತ್ರ, ಆ ಚಿತ್ರದಲ್ಲಿ ಯಾವ ಮೂಲೆ ಎಂದು ಗುರುತಿಸಿದ್ದರಿಂದ ಅವರು ಹೆದರಿದ್ದ ಭಾಗವೂ ಅವಳಿಗೆ ಬೇಕಾದ ಭಾಗವೂ ಬೇರೆಬೇರೆಯಾದವು. ಮೇಷ್ಟ್ರ ಬಳಿ ಚಿತ್ರ ಇಲ್ಲದಿರಬಹುದು ಎಂಬುದನ್ನು ಮೊದಲೇ ಊಹಿಸಿ, ಅದು ಎಲ್ಲಿರಬಹುದೆಂದೂ ಹೇಳಿದ್ದರಿಂದ, ಅವರು ಮಾಡಬೇಕಾದದ್ದು ಒಂದು ಫೋನ್ ಕರೆ ಮಾತ್ರವಾಯಿತು. ವಾಟರ್‌ಮನ್‌ಗೆ ಅವಳೇ ನೇರವಾಗಿ ಬರೆಯಬಹುದಿತ್ತಲ್ಲ ಎಂದು ಕೇಳಬಹುದು. ಆದರೆ ಅವನ ಫೋಟೋವನ್ನು ಎಲ್ಲರ ಮುಂದೆ ತೆಗೆದುಹಾಕಿದ ಮೇಲೆ ಅವನಿಗೂ ಸ್ವಲ್ಪ ಮುಜುಗರವಾಗಿತ್ತು. ಮೇಷ್ಟ್ರೇ ಕೇಳಿದ್ದರಿಂದ ಕೊಡುವುದು ತಪ್ಪಲ್ಲ ಎಂಬ ಧೈರ್ಯ ಬಂತು. ಈ ಸೂಕ್ಷ್ಮವನ್ನು ಅವಳು ಗ್ರಹಿಸಿದ್ದಳು ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ.

ಚಿತ್ರ ಸಿಕ್ಕಿದ ಮೇಲೆ

ವಾಟರ್‌ಮನ್ ಫೋಟೋವನ್ನು ಫೋನಿನ ಕ್ಯಾಮೆರಾದಲ್ಲಿ ತೆಗೆದು, ನಂತರ ಗ್ಯಾಲರಿಯಿಂದ ಗುಂಪಿಗೆ ಹಾಕಿದ್ದ. ಗುಂಪಿನಲ್ಲಿ ಅಳಿಸಿದ್ದು ವಾಟ್ಸ್‌ಆ್ಯಪ್‌ನ ಪ್ರತಿಯನ್ನು ಮಾತ್ರ. ಕ್ಯಾಮೆರಾದ ಮೂಲ ಚಿತ್ರ ಅವನ ಗ್ಯಾಲರಿಯಲ್ಲಿ ಹಾಗೆಯೇ ಇತ್ತು. ಅವನು ಅದನ್ನು ಮೊದಲು ಎಂದಿನಂತೆ ಚಿತ್ರವಾಗಿಯೇ ಕಳಿಸಿದ. ಚಿತ್ರವಾಗಿ ಕಳಿಸುವಾಗ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ದಪ್ಪ ಅಕ್ಷರದ ನೋಟೀಸಿಗೆ ಅದು ಸಾಕು, ಮೊಹರಿನ ಕೆಳಗೆ ಸಿಕ್ಕಿಕೊಂಡ ಪೆನ್ನಿನ ಅಂಕಿಗೆ ಸಾಲದು. ದೊಡ್ಡದು ಮಾಡಿದಾಗ ಅಂಕಿಯ ಎಡಭಾಗ ಇನ್ನೂ ಮಸುಕಾಗಿಯೇ ಇತ್ತು. ಮೇಷ್ಟ್ರು ಮತ್ತೆ ಫೋನ್ ಮಾಡಿ, ಲಗತ್ತಿಸುವ ಗುರುತನ್ನು ಒತ್ತಿ ಡಾಕ್ಯುಮೆಂಟ್ ಎಂಬುದನ್ನು ಆರಿಸಿ ಅದೇ ಫೋಟೋ ಕಳಿಸಲು ಹೇಳಿಕೊಟ್ಟರು. ಹಾಗೆ ಬಂದ ಪ್ರತಿಯಲ್ಲಿ ಶಾಯಿಯ ಅಡಿಯಲ್ಲಿ ಎಡಭಾಗದ ಎರಡೂ ಸುತ್ತುಗಳು ಕಂಡವು. ಅದು 8.

ಇನ್ನೊಂದು ರೀತಿಯಲ್ಲಿಯೂ ಅವಳು ಅದನ್ನು ಖಾತರಿ ಮಾಡಿಕೊಂಡಳು. ಕ್ಯಾಲೆಂಡರ್ ನೋಡಿದರೆ ಆ ತಿಂಗಳ 3ನೇ ತಾರೀಖು ಭಾನುವಾರ. ರಜೆಯ ದಿನ ಪಂಚಾಯಿತಿಯಲ್ಲಿ ಮೊಹರು ಹಾಕಿ ನೋಟೀಸು ಹಚ್ಚಿರುವ ಸಂಭವ ಕಡಿಮೆ. 8 ಶುಕ್ರವಾರ. ಚಿತ್ರ ಮಸುಕಾಗಿರುವಾಗ ವಾರ ಯಾವುದೆಂದು ನೋಡುವ ಈ ಸಣ್ಣ ಪರೀಕ್ಷೆಯನ್ನು ಬುಧವಾರ ರಾತ್ರಿಯೇ ಯಾರಾದರೂ ಮಾಡಿದ್ದರೆ, ಅವಧಿ ಮುಗಿಯಿತು ಎಂಬ ಮಾತು ಅಷ್ಟು ಹರಡುತ್ತಿರಲಿಲ್ಲ. ಆದರೂ ಅಂದಾಜಿನ ಮೇಲೆ ಕಚೇರಿಯಲ್ಲಿ ವಾದಿಸಲು ಆಗುವುದಿಲ್ಲ, ಅದಕ್ಕೆ ಚಿತ್ರವೇ ಬೇಕು.

ಮೇಷ್ಟ್ರು ಮಾಡಬೇಕಾದ ತೀರ್ಮಾನ ಈಗ ಬಂತು: ಗುಂಪಿಗೆ ಏನನ್ನು ಮರಳಿ ಹಾಕುವುದು? ಮೊದಲ ಪುಟದ ಬಗ್ಗೆ ಅನುಮಾನವಿರಲಿಲ್ಲ. ಗುರುವಾರ ಮಧ್ಯಾಹ್ನವೇ ಅದನ್ನು ಹಾಕಿ, ಏಳು ದಿನಗಳಿಗೆ ಪಿನ್ ಮಾಡಿ, ಅದರ ಕೆಳಗೆ ಕೈಯಾರೆ ಟೈಪ್ ಮಾಡಿದರು: "ಪ್ರಕಟಣೆ 8ನೇ ತಾರೀಖು ಶುಕ್ರವಾರ. 15 ದಿನ ಎಂದರೆ 23 ಶನಿವಾರ. ಅಂದು ಕಚೇರಿ ರಜೆ. ನಾಳೆ 22ಕ್ಕೇ ಕೊಡಿ. ಎಪಿಎಂಸಿ ರಶೀದಿ ಇದ್ದವರು ಮರೆಯದೆ ತನ್ನಿ." ಚಿತ್ರ ಡೌನ್‌ಲೋಡ್ ಮಾಡದವರೂ ಓದಲಿ, ಮುಂದೆ ಹುಡುಕುವವರಿಗೆ ಒಂದು ಪದ ಹಾಕಿದರೆ ಸಿಗಲಿ ಎಂಬುದು ಅವರ ಲೆಕ್ಕ. ಚಿತ್ರದೊಳಗಿನ ಅಕ್ಷರ ಚಾಟ್‌ನ ಹುಡುಕಾಟಕ್ಕೆ ಸಿಗದೆ ಹೋಗಬಹುದು, ಟೈಪ್ ಮಾಡಿದ ಸಾಲು ಸಿಗುತ್ತದೆ.

ಪಟ್ಟಿಯ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಮೊಬೈಲ್ ನಂಬರು ಕೊನೆಯ ಕಾಲಂನಲ್ಲಿ ಇದ್ದುದರಿಂದ ಗ್ಯಾಲರಿಯಲ್ಲೇ ಆ ಅಂಚನ್ನು ಕತ್ತರಿಸಿ ಹೊಸ ಪ್ರತಿ ಉಳಿಸಿ ಹಾಕಬಹುದು ಎಂದು ಅವಳು ಸೂಚಿಸಿದಳು. ನಂಬರುಗಳ ಮೇಲೆ ಬೆರಳಿನಿಂದ ಗೀಚುವುದಕ್ಕಿಂತ ಕತ್ತರಿಸುವುದೇ ಒಳ್ಳೆಯದು. ಗೀಚಿದ ಬಣ್ಣ ತೆಳುವಾಗಿದ್ದರೆ ಅಡಿಯ ಅಂಕಿ ಕಾಣುತ್ತದೆ. ಒಟಿಪಿ ಕರೆ ಬಂದ ಮನೆಯ ಮಗ ಅದಕ್ಕೂ ಒಪ್ಪಲಿಲ್ಲ. ಹೆಸರು, ಸರ್ವೆ ನಂಬರು, ಬೆಳೆ ಇಷ್ಟು ಸಿಕ್ಕರೂ ವಂಚಕನಿಗೆ ನಂಬಿಸಿ ಮಾತಾಡಲು ಸಾಕು ಎಂದ. ಮೇಷ್ಟ್ರು ಅವನ ಮಾತಿಗೆ ಬೆಲೆ ಕೊಟ್ಟು ಪಟ್ಟಿಯನ್ನು ಹಾಕಲೇ ಇಲ್ಲ. ತಮ್ಮ ಹೆಸರಿದೆಯೇ ಎಂದು ತಿಳಿಯಬೇಕಾದವರು ತಮಗೆ ವೈಯಕ್ತಿಕವಾಗಿ ಕೇಳಿ, ಆ ಸಾಲನ್ನು ಮಾತ್ರ ಕಳಿಸುತ್ತೇನೆ ಎಂದು ಬರೆದರು. ಅಂಥ ಕರೆ ಬಂದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕೆಂಬ ಸಾಲನ್ನೂ ಸೇರಿಸಿದರು.

ಫಲಿತಾಂಶ

ಶುಕ್ರವಾರ ಬೆಳಿಗ್ಗೆ ಯುವತಿ ದಾವಣಗೆರೆಯಿಂದ ಬಂದು, ತಂದೆಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಅರ್ಜಿಯಲ್ಲಿ ವಿಮೆಯ ಬೆಳೆ ಶೇಂಗಾ, ಅಕ್ಕಡಿಯಾಗಿ ತೊಗರಿ ಇದ್ದದ್ದು, ಮಾರಾಟದ ದಿನ ಇವನ್ನು ಬರೆದು, ಎಪಿಎಂಸಿ ರಶೀದಿಯ ಜೆರಾಕ್ಸ್ ಲಗತ್ತಿಸಿದೆವು. ರಶೀದಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಇರುವುದಕ್ಕಿಂತ ಬೇರೆಯಿತ್ತು, ಅದಕ್ಕಾಗಿ ಇಬ್ಬರೂ ಒಬ್ಬರೇ ಎಂಬ ಒಂದು ಸಾಲು ಸೇರಿಸಿದೆವು. ರೈತ ಸಂಪರ್ಕ ಕೇಂದ್ರದಲ್ಲಿ, ನಿಮ್ಮ ಪಂಚಾಯಿತಿಯ ಅವಧಿ ಮುಗಿದಿರಬೇಕಲ್ಲ ಎಂಬ ಪ್ರಶ್ನೆ ಬಂದೇ ಬಂತು. ಅವಳು ಫೋನಿನಲ್ಲಿ ಆ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದಳು. ಅರ್ಜಿ ತೆಗೆದುಕೊಂಡು ಪ್ರತಿಯ ಮೇಲೆ ಮೊಹರು ಹಾಕಿ ಸ್ವೀಕೃತಿ ಕೊಟ್ಟರು. ಗುಂಪಿನಲ್ಲಿ ನೋಡಿ ಬಂದ ಇನ್ನೂ ಕೆಲವು ರೈತರು ಅದೇ ದಿನ ಆಕ್ಷೇಪಣೆ ಸಲ್ಲಿಸಿದರು. ಅವಧಿ ಮುಗಿದಿದೆ ಎಂದು ಮೊದಲು ಸಾರಿದ್ದವರಲ್ಲಿ ಒಬ್ಬರೂ ಅವರ ಪೈಕಿ ಇದ್ದರು.

ಒಬ್ಬರಿಗೆ ಮಾತ್ರ ತಪ್ಪಿಹೋಯಿತು. ಅವರ ಹೆಸರು ಪಟ್ಟಿಯಲ್ಲಿತ್ತು, ಶೇಂಗಾ ಮಾರಿದ ರಶೀದಿಯೂ ಇತ್ತು, ಅವರ ಮಗ ಗುಂಪಿನಲ್ಲೂ ಇದ್ದ. ಆದರೆ ತಮ್ಮ ಹೆಸರು ಇರಬಹುದೆಂದು ಅವರಿಗೆ ಹೊಳೆಯಲಿಲ್ಲ, ಆದ್ದರಿಂದ ಕೇಳಲೂ ಇಲ್ಲ. ಸೋಮವಾರ ಪಂಚಾಯಿತಿಯಲ್ಲಿ ಬೇರೆ ಕೆಲಸಕ್ಕೆ ಹೋದಾಗ ಗೊತ್ತಾಯಿತು. ಕಚೇರಿಯಲ್ಲಿ ಅವರ ಅರ್ಜಿಯನ್ನು ಪಡೆದರು, ಆದರೆ ಪರಿಗಣಿಸುತ್ತೇವೆಂದು ಭರವಸೆ ಕೊಡಲಿಲ್ಲ.

ಈ ಪ್ರಕರಣದಲ್ಲಿ ನಾನು ಹೆಚ್ಚು ಯೋಚಿಸಿದ್ದು ಈ ಒಬ್ಬರ ಬಗ್ಗೆಯೇ. ಕೇಳಿದವರಿಗೆ ಮಾತ್ರ ತಿಳಿಸುತ್ತೇನೆ ಎಂಬ ಏರ್ಪಾಡು, ತಾನು ಕೇಳಬೇಕೆಂದು ಗೊತ್ತಿದ್ದವನಿಗೆ ಮಾತ್ರ ಉಪಯೋಗ. ಮೇಷ್ಟ್ರ ಬಳಿ ಪಟ್ಟಿಯ ಮೂಲ ಚಿತ್ರ ಗುರುವಾರವೇ ಬಂದಿತ್ತು, ಅದರಲ್ಲಿ ಮೊಬೈಲ್ ನಂಬರುಗಳೂ ಇದ್ದವು. ಆ ನಂಬರುಗಳಿಗೆ ಅವರೇ ಒಂದೊಂದು ಕರೆ ಮಾಡಿ, ನಿಮ್ಮ ಹೆಸರಿದೆ, ನಾಳೆ ಹೋಗಿ ಎಂದು ಹೇಳಿದ್ದರೆ ಯಾರ ವಿವರವೂ ಹೊರಗೆ ಹೋಗದೆ ಎಲ್ಲರಿಗೂ ಸುದ್ದಿ ಮುಟ್ಟುತ್ತಿತ್ತು. ಊರಿನ ಪಟ್ಟಿ ಎರಡು ಪುಟದಷ್ಟೇ ಇತ್ತು. ಇಬ್ಬರು ಹಂಚಿಕೊಂಡರೆ ಒಂದು ಸಂಜೆಯ ಕೆಲಸ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಒಪ್ಪಿದರು, ಆ ಹೊತ್ತಿಗೆ ತಮಗೆ ಅಳಿಸುವುದು ಮತ್ತು ಹಾಕುವುದು ಎರಡೇ ದಾರಿ ಕಂಡಿದ್ದವು ಎಂದರು. ಯುವತಿಯ ಎರಡನೆಯ ಸಂದೇಶಕ್ಕೂ ಇದೇ ಮಿತಿಯಿತ್ತು: ಅದು ಅವಳ ತಂದೆಗೆ ಬೇಕಾದದ್ದನ್ನು ಅಚ್ಚುಕಟ್ಟಾಗಿ ಕೇಳಿತು, "ನನಗೆ ಪಟ್ಟಿ ಬೇಡ" ಎಂದಿದ್ದರಿಂದಲೇ ಬೇಗ ಒಪ್ಪಿಗೆಯೂ ಸಿಕ್ಕಿತು. ಪಟ್ಟಿಯಲ್ಲಿದ್ದ ಉಳಿದವರ ಪರವಾಗಿ ಕೇಳುವ ಹೊಣೆ ಯಾರ ಮೇಲೂ ಬೀಳಲಿಲ್ಲ.

ಅಳಿಸುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಮೇಷ್ಟ್ರು ಅಂದಿನಿಂದ ರೂಢಿಸಿಕೊಂಡಿದ್ದಾರೆ. ಯಾವುದೇ ನೋಟೀಸಿನ ಚಿತ್ರವನ್ನು ತೆಗೆಯುವ ಮುನ್ನ ಅದನ್ನು ತಮ್ಮದೇ ನಂಬರಿನ ಚಾಟ್‌ಗೆ ಫಾರ್ವರ್ಡ್ ಮಾಡಿಕೊಂಡು, ಅಳಿಸಿದ ತಕ್ಷಣ ಗುಂಪಿನಲ್ಲಿ ಕಾರಣವನ್ನೂ ಬೇಕಾದವರು ಯಾರನ್ನು ಕೇಳಬೇಕೆಂಬುದನ್ನೂ ಬರೆಯುತ್ತಾರೆ. ಮೊನ್ನೆ ಪಡಿತರ ಚೀಟಿಯ ಇ-ಕೆವೈಸಿ ಸೂಚನೆಯೊಂದರ ಜೊತೆ ಕುಟುಂಬಗಳ ಪಟ್ಟಿ ಬಂದಾಗ ಅವರು ಪಟ್ಟಿಯನ್ನು ಮಾತ್ರ ಅಳಿಸಿ ಸೂಚನೆಯನ್ನು ಉಳಿಸಿದರು, ಪಟ್ಟಿಯಲ್ಲಿದ್ದ ಮನೆಗಳಿಗೆ ವಾಟರ್‌ಮನ್ ಮತ್ತು ಅವರು ಹಂಚಿಕೊಂಡು ಫೋನ್ ಮಾಡಿದರು. ವಿಮೆಯ ಆಕ್ಷೇಪಣೆಗಳು ಈಗ ಇಲಾಖೆಯಲ್ಲಿ ಸಮೀಕ್ಷೆಯ ಫೋಟೋಗಳೊಂದಿಗೆ ಪರಿಶೀಲನೆಯ ಹಂತದಲ್ಲಿವೆ.